ತೆಂಗಿನ ಮರ ತೆಗೆಯೋದು ಮರೆತಾಗ

ನಾನು ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ 9 ಜನರ ತಂಡ ನಮ್ಮದು. ನಾಲ್ಕು ಜನ ತುಮಕೂರಲ್ಲಿ, ಒಬ್ಬರು ಕೊರಟಗೆರೆಯಲ್ಲಿ, ಉಳಿದವರು ಬೆಂಗಳೂರಲ್ಲಿ. ಎದುರು ಬದುರು ಕೂರುವುದು ತಿಂಗಳಿಗೆ ಒಂದೆರಡು ಸಲ ಅಷ್ಟೇ. ಹಾಗಾಗಿ ಯಾರು ಸೀಟಲ್ಲಿದ್ದಾರೆ, ಯಾರು ರಜೆ, ಯಾರನ್ನು ಈಗ ಮಾತಾಡಿಸಬಾರದು ಅನ್ನೋದೆಲ್ಲ ಗೊತ್ತಾಗೋದು ನಾವು ಚಾಟ್ ಮಾಡುವ ಸ್ಲ್ಯಾಕ್‌ನಲ್ಲಿ ಹೆಸರಿನ ಪಕ್ಕ ಕಾಣುವ ಆ ಪುಟ್ಟ ಇಮೋಜಿಯಿಂದ.

ಮೊದಲು ಇದಕ್ಕೆ ಯಾವ ನಿಯಮವೂ ಇರಲಿಲ್ಲ. ಯಾರಿಗೆ ಏನು ಅನ್ನಿಸುತ್ತೋ ಅದನ್ನು ಹಾಕಿಕೊಳ್ಳುತ್ತಿದ್ದರು. ನಿಯಮ ಬೇಕು ಅಂತ ಅನ್ನಿಸಿದ್ದು ಒಂದು 🌴 ಇಂದ.

ನಮ್ಮ ತಂಡದ ಹಿರಿಯ ಡೆವಲಪರ್ ತಿಪಟೂರಿನಲ್ಲಿ ಮದುವೆ ಅಂತ ಗುರುವಾರ, ಶುಕ್ರವಾರ ರಜೆ ಹಾಕಿದರು. ಹೋಗುವಾಗ 🌴 ಹಾಕಿದರು. (ಅದು ಯಾವ ಮರ ಅಂತ ಚಿತ್ರ ಬಿಡಿಸಿದವರಿಗೇ ಗೊತ್ತು, ನಮ್ಮ ಕಡೆ ಎಲ್ಲರೂ ಅದನ್ನು ತೆಂಗಿನ ಮರ ಅಂತಲೇ ಕರೆಯೋದು.) ಸೋಮವಾರ ವಾಪಸ್ ಬಂದು ಕೆಲಸ ಶುರು ಮಾಡಿದರು, ಮರ ಮಾತ್ರ ಹಾಗೇ ಉಳಿಯಿತು. ನಮಗೆಲ್ಲ ಅವರು ಬಂದಿರೋದು ಗೊತ್ತಿತ್ತು, ಬೆಳಗಿನ ಕಾಲ್‌ನಲ್ಲಿ ಮಾತಾಡಿದ್ದೆವಲ್ಲ. ಆದರೆ ಅದೇ ಸೋಮವಾರ ಟೆಸ್ಟಿಂಗ್‌ಗೆ ಸೇರಿದ ಹುಡುಗನಿಗೆ ಗೊತ್ತಿರಲಿಲ್ಲ, ಅವನು ಆಗ ಆ ಕಾಲ್‌ಗೆ ಬರುತ್ತಿರಲಿಲ್ಲ. ಜಿಎಸ್‌ಟಿ ಪೈಸೆಯನ್ನು ಸಾಲುಸಾಲಾಗಿ ರೌಂಡ್ ಮಾಡಬೇಕಾ ಅಥವಾ ಬಿಲ್ಲಿನ ಕೊನೆಯಲ್ಲಿ ಒಂದೇ ಸಲವಾ ಅಂತ ಅವರನ್ನೇ ಕೇಳಬೇಕಿತ್ತು. ಮರ ನೋಡಿದ, ಬರಲಿ ಅಂತ ಕಾದ. ಅವರು ವಾಪಸ್ ಬಂದು 9 ದಿನ ಆದಮೇಲೆ ನಾನು ಟೆಸ್ಟಿಂಗ್ ಎಲ್ಲಿಗೆ ಬಂತು ಅಂತ ಕೇಳಿದಾಗ ವಿಷಯ ಹೊರಗೆ ಬಂತು. ಅವನು ಅವರಿಗೆ ಹೇಳಿದ್ದು ಇಷ್ಟೇ: "ಅಕ್ಕ, ಮರ ಹಾಗೇ ಇತ್ತಲ್ವಾ, ಅದಕ್ಕೆ ಕೇಳಲಿಲ್ಲ." ಅವನ ತಪ್ಪೇನೂ ಇಲ್ಲ. ಹೆಸರಿನ ಪಕ್ಕ ಇದ್ದ ಮಾಹಿತಿಯನ್ನು ಅವನು ನಂಬಿದ.

ಕಾರಣ ಹುಡುಕಿದಾಗ ಸಿಕ್ಕಿದ್ದು ಸಣ್ಣ ವಿಷಯ. ಸ್ಲ್ಯಾಕ್ ತಾನಾಗಿ ಕೊಡುವ ಪಟ್ಟಿಯಲ್ಲಿ ಮೀಟಿಂಗ್ ಅನ್ನೋದು 1 ಗಂಟೆಗೆ ತಾನೇ ಅಳಿಯುತ್ತದೆ, ಪ್ರಯಾಣ ಅನ್ನೋದು 30 ನಿಮಿಷಕ್ಕೆ. ಆದರೆ ರಜೆಯ ಮರಕ್ಕೆ ಮಾತ್ರ `Don't clear` ಅಂತ ಇರುತ್ತದೆ. ಅಂದರೆ ನಾವು ತೆಗೆಯುವವರೆಗೂ ಅದು ಹೋಗುವುದಿಲ್ಲ. ರಜೆ ಎಷ್ಟು ದಿನ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅದು ಸರಿಯೇ. ಆದರೆ ಮರೆತುಹೋಗುವುದು ಕೂಡ ಅದೇ ಒಂದು.

ಅವತ್ತಿನಿಂದ ನಮ್ಮ ಮೊದಲ ನಿಯಮ: ಮುಗಿಯುವ ಸಮಯ ಇಲ್ಲದೆ ಯಾವ ಇಮೋಜಿಯನ್ನೂ ಹಾಕುವಂತಿಲ್ಲ. ರಜೆಗೆ ದಿನಾಂಕ ಮತ್ತು ಗಂಟೆ ಆರಿಸುವ ಆಯ್ಕೆ ಇದೆ. ಅಲ್ಲಿ ವಾಪಸ್ ಬರುವ ದಿನ ಬೆಳಿಗ್ಗೆ 9:30 ಅಂತ ಕೊಡುತ್ತೇವೆ. ರಜೆಯ ಕೊನೆಯ ದಿನವನ್ನು ಕೊಡಬಾರದು. ಶುಕ್ರವಾರ ಸಂಜೆಗೆ ಮರ ಹೋದರೆ ಶನಿವಾರ ನೋಡಿದವರು ಇದ್ದಾರೆ ಅಂದುಕೊಳ್ಳುತ್ತಾರೆ.

ನಿಯಮ ಹೇಳಿದ ತಕ್ಷಣ ಎಲ್ಲರೂ ಪಾಲಿಸುತ್ತಾರಾ? ಇಲ್ಲ. ಅದಕ್ಕೆ ಸೋಮವಾರ ಬೆಳಿಗ್ಗೆ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡೆ. ಸ್ಲ್ಯಾಕ್‌ನಲ್ಲಿ ಪ್ರತಿಯೊಬ್ಬರ ಪ್ರೊಫೈಲಿಗೂ `status_expiration` ಅಂತ ಒಂದು ಸಂಖ್ಯೆ ಇರುತ್ತದೆ. ಅದು 0 ಆಗಿದ್ದು, ಹೆಸರಿನ ಪಕ್ಕ ಇಮೋಜಿಯೂ ಇದ್ದರೆ, ಸಮಯ ಇಡದೆ ಬಿಟ್ಟಿದ್ದಾರೆ ಅಂತ ಅರ್ಥ.

```
for u in client.users_list()["members"]:
    p = u["profile"]
    if u.get("deleted") or not p.get("status_emoji"):
        continue
    if p.get("status_expiration") == 0:
        print(p.get("real_name"), p["status_emoji"])
```

ಇದಕ್ಕೆ ಬೇಕಾಗಿರುವುದು `users:read` ಅನುಮತಿ ಒಂದೇ. ಇನ್ನೊಬ್ಬರ ಸ್ಟೇಟಸ್ ಅನ್ನು ಇದು ಬದಲಾಯಿಸುವುದಿಲ್ಲ, ಬದಲಾಯಿಸಲೂಬಾರದು ಅಂತ ನನ್ನ ಅಭಿಪ್ರಾಯ. ಹೆಸರು ಬಂದವರಿಗೆ ನಾನೇ ಬೇರೆಯಾಗಿ ಒಂದು ಸಾಲು ಬರೆಯುತ್ತೇನೆ, ಎಲ್ಲರ ಮುಂದೆ ಹಾಕುವುದಿಲ್ಲ. ಶುರುವಿನಲ್ಲಿ ಮೂರು ನಾಲ್ಕು ಹೆಸರು ಬರುತ್ತಿತ್ತು, ಎರಡು ತಿಂಗಳಲ್ಲಿ ಬಹುತೇಕ ಖಾಲಿಯಾಯಿತು.

ಎರಡನೇ ತೊಂದರೆ 🎧. ಇದು ತಲೆ ತಗ್ಗಿಸಿ ಕೆಲಸ ಮಾಡುವ ಹೊತ್ತು, ಮಾತಾಡಿಸಬೇಡಿ ಅಂತ. ಕೊರಟಗೆರೆಯ ನಮ್ಮ ಸಹೋದ್ಯೋಗಿ ಒಂದು ದಿನ ಬೇಜಾರು ಮಾಡಿಕೊಂಡರು. "ಹೆಡ್‌ಫೋನ್ ಹಾಕಿದ್ರೂ ನಿಮಿಷಕ್ಕೊಂದು ಸಲ ಟಿಂಗ್ ಅನ್ನುತ್ತೆ ಸಾರ್, ಯಾರೂ ನೋಡೋದೇ ಇಲ್ವಾ?" ಅವರ ಪರದೆ ನೋಡಿದಾಗ ಗೊತ್ತಾಯಿತು, ಇಮೋಜಿ ಇತ್ತು, ಆದರೆ ನೋಟಿಫಿಕೇಶನ್ ನಿಲ್ಲಿಸುವ `Pause notifications` ಟಿಕ್ ಹಾಕಿರಲಿಲ್ಲ. ಇಮೋಜಿ ಬರೀ ಬೋರ್ಡು. ಅದು ಬಾಗಿಲು ಹಾಕುವುದಿಲ್ಲ. ಸದ್ದು ನಿಲ್ಲಬೇಕಾದರೆ ಸ್ಟೇಟಸ್ ಇಡುವ ಅದೇ ಪೆಟ್ಟಿಗೆಯಲ್ಲಿ ಆ ಟಿಕ್ಕನ್ನೂ ಹಾಕಬೇಕು. ಹಾಕಿದರೆ ನೇರವಾಗಿ ಸಂದೇಶ ಕಳಿಸುವವರಿಗೆ ಇವರು ನೋಟಿಫಿಕೇಶನ್ ನಿಲ್ಲಿಸಿದ್ದಾರೆ ಅಂತ ಕಾಣುತ್ತದೆ. ನಿಜವಾಗಲೂ ತುರ್ತಾಗಿದ್ದರೆ ಆದರೂ ತಿಳಿಸು ಅನ್ನುವ ದಾರಿಯೂ ಅಲ್ಲೇ ಇರುತ್ತದೆ. ಅದನ್ನು ಒತ್ತುವುದು ಗ್ರಾಹಕರ ಬಿಲ್ಲಿಂಗ್ ನಿಂತುಹೋದಾಗ ಮಾತ್ರ ಅಂತ ಒಪ್ಪಿಕೊಂಡಿದ್ದೇವೆ. ಉಳಿದ ಪ್ರಶ್ನೆಗಳನ್ನು 🎧 ಇದ್ದಾಗಲೂ ಬರೆದು ಇಡಬಹುದು, ಉತ್ತರಕ್ಕೆ ಕಾಯಬಾರದು, ಫೋನ್ ಮಾಡಬಾರದು. ಒಂದು ಸಲಕ್ಕೆ 2 ಗಂಟೆಗಿಂತ ಜಾಸ್ತಿ ಇಲ್ಲ. ದಿನವಿಡೀ 🎧 ಇಟ್ಟುಕೊಂಡರೆ ನಾಲ್ಕನೇ ದಿನಕ್ಕೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಮೋಜಿಗೂ ಹಸಿರು ಚುಕ್ಕಿಗೂ ಸಂಬಂಧ ಇಲ್ಲ ಅನ್ನೋದು ಕೂಡ ಎಲ್ಲರಿಗೂ ಗೊತ್ತಿರಲಿಲ್ಲ. ಕಂಪ್ಯೂಟರ್ ಮುಟ್ಟದೆ 10 ನಿಮಿಷ ಕಳೆದರೆ ಚುಕ್ಕಿ ಆರುತ್ತದೆ, ಫೋನಲ್ಲಿ ಆ್ಯಪ್ ತೆರೆದರೆ ಮತ್ತೆ ಹತ್ತುತ್ತದೆ. ಬೆಳಗಿನ ರೈಲಲ್ಲಿ ಬೆಂಗಳೂರಿಗೆ ಹೋಗುವ ನಮ್ಮ ಹುಡುಗ ಕ್ಯಾತ್ಸಂದ್ರ ದಾಟುವಾಗ ಒಂದು ಸಲ ಫೋನ್ ನೋಡಿದರೆ ಸಾಕು, ಇಲ್ಲಿ ಹಸಿರು ಕಂಡಿತು ಅಂತ ಯಾರೋ ಕಾಲ್ ಮಾಡುತ್ತಿದ್ದರು. ನಿಡವಂದದ ಹತ್ತಿರ ಮಾತು ಕಡಿದುಹೋಗುತ್ತಿತ್ತು, ಇಬ್ಬರಿಗೂ ಕಿರಿಕಿರಿ. ಈಗ ರೈಲಿಗೆ 🚆. ಅದರ ಅರ್ಥವನ್ನು ಬರೆದೇ ಇಟ್ಟಿದ್ದೇವೆ: ಓದುತ್ತೇನೆ, ಬರೆಯುತ್ತೇನೆ, ಮಾತಾಡಲು ಆಗುವುದಿಲ್ಲ.

ನಾವು ಹೀಗೆ ಎಲ್ಲ ಇಮೋಜಿಗೂ ನೋಡಿದವರು ಏನು ಮಾಡಬೇಕು ಅನ್ನುವ ಅರ್ಥವನ್ನೇ ಕೊಟ್ಟಿದ್ದೇವೆ. ನಾನು ಎಲ್ಲಿದ್ದೇನೆ, ಯಾಕಿದ್ದೇನೆ ಅನ್ನೋದು ಅದರಲ್ಲಿ ಬೇಡ. ಈ ಕಾರಣಕ್ಕೇ ಹುಷಾರಿಲ್ಲ ಅನ್ನುವ 🤒 ತೆಗೆದುಹಾಕಿದೆವು. ಜ್ವರವೋ, ಮಗುವಿನ ಸ್ಕೂಲೋ, ಆಸ್ಪತ್ರೆಯೋ, ಮದುವೆಯೋ, ನೋಡುವವರಿಗೆ ಬೇಕಾಗಿರುವುದು ಇವತ್ತು ಸಿಗುವುದಿಲ್ಲ ಅನ್ನೋದು ಮಾತ್ರ ಅಲ್ವಾ? ಎಲ್ಲದಕ್ಕೂ 🌴 ಒಂದೇ. ಕಾರಣವನ್ನು ಹೇಳಬೇಕಾದವರಿಗೆ ರಜೆ ಅರ್ಜಿಯಲ್ಲಿ ಹೇಳಿದರೆ ಆಯಿತು. ಅರ್ಜಿ ಹಾಕದೆ ಬರೀ ಮರ ಹಾಕಿದರೆ ಅದು ರಜೆ ಅಲ್ಲ, ಅದನ್ನೂ ಸ್ಪಷ್ಟ ಮಾಡಿದ್ದೇವೆ.

ಸ್ಲ್ಯಾಕ್ ತೋರಿಸುವ ಸಲಹೆಯ ಪಟ್ಟಿಯನ್ನು ಅಡ್ಮಿನ್ ಬದಲಾಯಿಸಬಹುದು, ಆದರೆ 5 ಮಾತ್ರ ಇಡಬಹುದು. ನಾವು ಮೊದಲು ಇಟ್ಟಿದ್ದು 🌴, 🎧, 🚆, ಊಟಕ್ಕೆ 🍛, ಕರೆಂಟ್ ಇಲ್ಲ ಅನ್ನೋದಕ್ಕೆ 🔌. ಮೀಟಿಂಗನ್ನು ಕ್ಯಾಲೆಂಡರ್ ತಾನೇ ತೋರಿಸುತ್ತದೆ.

ಇದರಲ್ಲಿ 🍛 ನಮಗೆ ಕೈಕೊಟ್ಟಿತು. ಒಂದು ದಿನ ಬೆಸ್ಕಾಂನವರ ಲೈನ್ ಕೆಲಸ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ. ನಾನು 🔌 ಹಾಕಿ 5 ಗಂಟೆಗೆ ಮುಗಿಯುವಂತೆ ಇಟ್ಟೆ. ಯುಪಿಎಸ್ ಮುಗಿದಿತ್ತು, ಫೋನಲ್ಲೇ ಚೂರುಪಾರು ಕೆಲಸ ಮಾಡುತ್ತಿದ್ದೆ. 1 ಗಂಟೆಗೆ ಅಭ್ಯಾಸಬಲದಿಂದ 🍛 ಹಾಕಿದೆ, 30 ನಿಮಿಷಕ್ಕೆ. ಒಂದೂವರೆಗೆ ಊಟದ ಗುರುತು ಹೋಯಿತು, ಜೊತೆಗೆ 🔌 ಕೂಡ ಇಲ್ಲ. ಒಂದು ಸಮಯಕ್ಕೆ ಒಂದೇ ಸ್ಟೇಟಸ್ ಇರೋದು, ಹೊಸದು ಹಾಕಿದರೆ ಹಳೆಯದು ಅಳಿದೇ ಹೋಗುತ್ತದೆ, ಹೊಸದರ ಸಮಯ ಮುಗಿದರೂ ವಾಪಸ್ ಬರುವುದಿಲ್ಲ. 3 ಗಂಟೆಗೆ ಬೆಂಗಳೂರಿನವರು ವಿಡಿಯೋ ಮೀಟಿಂಗ್ ಇಟ್ಟರು, ನನಗೆ ಲ್ಯಾಪ್‌ಟಾಪೇ ಹತ್ತುತ್ತಿಲ್ಲ. ಅವತ್ತೇ 🍛 ಪಟ್ಟಿಯಿಂದ ಹೋಯಿತು. ಊಟದ ಅರ್ಧ ಗಂಟೆ ಒಬ್ಬರು ಮಾತಿಗೆ ಸಿಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಆ ಜಾಗಕ್ಕೆ ಬಂದಿದ್ದು 🚒. ಇದು ಬೇರೆಲ್ಲದರ ಉಲ್ಟಾ, ಇವತ್ತಿನ ಪಾಳಿ ನನ್ನದು, ಯಾವಾಗ ಬೇಕಾದರೂ ಕೇಳಿ ಅಂತ. ದಿನಕ್ಕೆ ಒಬ್ಬರು. 🚒 ಇದ್ದವರು ಅವತ್ತು 🎧 ಹಾಕುವಂತಿಲ್ಲ. ನನಗೆ ಕೇಳಿದರೆ ನಾವು ಮಾಡಿದ್ದರಲ್ಲಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇದೇ. ಯಾರನ್ನು ಕೇಳಬಾರದು ಅನ್ನೋದು ಐದು ಥರ ಗೊತ್ತಾದರೂ ಯಾರನ್ನು ಕೇಳಬೇಕು ಅನ್ನೋದು ಅಲ್ಲಿಯವರೆಗೆ ಎಲ್ಲೂ ಕಾಣುತ್ತಿರಲಿಲ್ಲ. ಟೆಸ್ಟಿಂಗ್ ಹುಡುಗ ಅವತ್ತು ಕಾಯುತ್ತಾ ಕೂತಿದ್ದು ಅದಕ್ಕೇ.

ಇಮೋಜಿ ಪಕ್ಕದ ಬರಹದ ಬಗ್ಗೆ ಒಂದು ಮಾತು. 100 ಅಕ್ಷರದ ಮಿತಿ ಇದೆ, ಕನ್ನಡದಲ್ಲಿ ಅದು ಬೇಗ ತುಂಬುತ್ತದೆ. ಒತ್ತು, ಗುಣಿತ, ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. "ತುರ್ತು" ಅನ್ನೋದು ನಮಗೆ ಎರಡಕ್ಷರ, ಕಂಪ್ಯೂಟರಿಗೆ ಆರು. ಹಾಗಾಗಿ ಎರಡೇ ವಿಷಯ ಬರೆಯುತ್ತೇವೆ, ಯಾವಾಗ ಸಿಗುತ್ತೇನೆ, ಅಲ್ಲಿಯವರೆಗೆ ಯಾರು: "ಸೋಮವಾರ 9:30ಕ್ಕೆ. ಅಲ್ಲಿವರೆಗೆ 🚒 ನೋಡಿ." ಆದರೆ ಚಾಟ್ ಓದುವಾಗ ಹೆಸರಿನ ಪಕ್ಕ ಕಾಣೋದು ಇಮೋಜಿ ಮಾತ್ರ, ಬರಹ ಓದಲು ಕಂಪ್ಯೂಟರಲ್ಲಾದರೆ ಮೌಸ್ ಒಯ್ಯಬೇಕು, ಫೋನಲ್ಲಾದರೆ ಪ್ರೊಫೈಲ್ ತೆರೆಯಬೇಕು. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ, ಆದ್ದರಿಂದ ಇಮೋಜಿ ಒಂದನ್ನೇ ನೋಡಿದರೂ ಅರ್ಥ ಆಗಬೇಕು.

ಈ ಐದರ ಅರ್ಥವನ್ನು ನಮ್ಮ ಚಾನೆಲ್‌ನಲ್ಲಿ ಪಿನ್ ಮಾಡಿದ್ದೇವೆ. ಹೊಸಬರು ಸೇರಿದ ಮೊದಲ ದಿನವೇ ಅದನ್ನು ಟೆಸ್ಟಿಂಗ್ ಹುಡುಗನೇ ಕೂತು ಹೇಳಿಕೊಡುತ್ತಾನೆ. ಇದು ನಮ್ಮ ತಂಡಕ್ಕೆ ಮಾತ್ರ. ಹೋದ ತಿಂಗಳು ನಮ್ಮ ಜೊತೆ ಕೆಲಸ ಮಾಡಿದ ಇನ್ನೊಂದು ತಂಡದಲ್ಲಿ 🎧 ಅಂದರೆ ಕಾಲ್‌ನಲ್ಲಿದ್ದೇನೆ ಅಂತ. ನಾವು ಎರಡು ಗಂಟೆ ಮಾತಾಡಿಸದೆ ಬಿಟ್ಟೆವು, ಅವರ ಕಾಲ್ ಹತ್ತೇ ನಿಮಿಷಕ್ಕೆ ಮುಗಿದಿತ್ತಂತೆ. ಈಗ ಬೇರೆ ತಂಡದ ಜೊತೆ ಚಾನೆಲ್ ತೆರೆದರೆ ನಾನು ಹಾಕುವ ಮೊದಲ ಸಂದೇಶ ಅದೇ ಐದು ಸಾಲು, ಕೆಳಗೆ "ನಿಮ್ಮ ಕಡೆ ಹೇಗೆ?" ಅಂತ ಒಂದು ಪ್ರಶ್ನೆ.