ಕುಡಿಯಲಾಗದ ಹಾಲು: ಆಂಟಿ-ಜೋಕ್ ಹೇಳಿ ಕಲಿತದ್ದು

ಚಿಕ್ಕ ಸಭೆಗಳಲ್ಲಿ ಹಾಸ್ಯ ಹೇಳುವ ಅಭ್ಯಾಸ ನನಗೆ ಬಹಳ ದಿನಗಳಿಂದ ಇದೆ. ಆಂಟಿ-ಜೋಕ್ ಎಂಬ ಪ್ರಕಾರ ಮಾತ್ರ ನನಗೆ ಸುಲಭವಾಗಿ ಒಲಿಯಲಿಲ್ಲ. ಚಮತ್ಕಾರದ ಉತ್ತರ ಬರಬೇಕಾದ ಜಾಗದಲ್ಲಿ ಪ್ರಶ್ನೆಯ ನೇರ ಅರ್ಥಕ್ಕೆ ಹೊಂದುವ ಸಪ್ಪೆಯಾದ, ನಿಜವಾದ ಉತ್ತರವನ್ನು ಇಡುವುದು ಇದರ ರೀತಿ. ಕೇಳಲು ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸದಂತೆ ತೋರುತ್ತದೆ.

ಮೊದಲ ಸಲ ನಾನು, "ಕುಡಿಯಲಾಗದ ಹಾಲು ಯಾವುದು?" ಎಂದು ಕೇಳಿ, "ಮಂಗಳವಾರ" ಎಂದು ಉತ್ತರಿಸಿದೆ. ಯಾರೂ ನಗಲಿಲ್ಲ, ಮುಂದಿನ ಸಾಲಿನಲ್ಲಿದ್ದವರು ನಾನು ಉತ್ತರವನ್ನು ಮರೆತೆನೆಂದೇ ಭಾವಿಸಿದರು. ಅಸಂಬದ್ಧವಾದುದನ್ನೇ ಅನಿರೀಕ್ಷಿತವೆಂದು ತಿಳಿದದ್ದು ನನ್ನ ತಪ್ಪಾಗಿತ್ತು. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವೇ ಇಲ್ಲದಿದ್ದರೆ ಕೇಳುಗನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಆದ್ದರಿಂದ ಅವನು ಗೊಂದಲದಲ್ಲೇ ಉಳಿಯುತ್ತಾನೆ.

ಎರಡನೆಯ ಸಲ ಅದೇ ಪ್ರಶ್ನೆಯನ್ನು ಒಂಟಿಯಾಗಿ ಕೇಳದೆ ಮೂರರ ಸಾಲಿನಲ್ಲಿ ಕೊನೆಗೆ ಇಟ್ಟೆ. "ನಡೆಯದ ಕಾಲು ಯಾವುದು?" ಎಂದು ಮೊದಲು ಕೇಳಿ, ತುಸು ತಡೆದು, "ಮುಕ್ಕಾಲು" ಎಂದೆ. ಆಮೇಲೆ "ಕಚ್ಚದ ಹಲ್ಲು ಯಾವುದು?" ಎಂದು ಕೇಳಿ, "ಬಾಚಣಿಗೆಯ ಹಲ್ಲು" ಎಂದೆ. ಎರಡಕ್ಕೂ ಸಾಧಾರಣ ನಗು ಬಂತು, ನನಗೆ ಬೇಕಾಗಿದ್ದುದೂ ಅಷ್ಟೇ. ಮೂರನೆಯದಾಗಿ "ಕುಡಿಯಲಾಗದ ಹಾಲು ಯಾವುದು?" ಎಂದಾಗ ಸಭೆಯ ಮನಸ್ಸು ತಾನಾಗಿ ಹಾಲು ಎಂಬ ಪದದ ಇನ್ನೊಂದು ಅರ್ಥವನ್ನು ಹುಡುಕತೊಡಗಿತು, ಹಿಂದಿನಿಂದ ಒಬ್ಬರು "ಸಿನಿಮಾ ಹಾಲು" ಎಂದು ಮೆಲ್ಲಗೆ ಹೇಳಿದ್ದೂ ಕೇಳಿಸಿತು. ನಾನು ಮೊದಲಿನಷ್ಟೇ ತಡೆದು, ಮೊದಲಿನ ಧ್ವನಿಯಲ್ಲೇ, "ಕೆಟ್ಟುಹೋದ ಹಾಲು" ಎಂದೆ. ಅರೆಕ್ಷಣ ಮೌನವಿತ್ತು, ಅನಂತರ ಹಿಂದಿನೆರಡಕ್ಕಿಂತ ದೊಡ್ಡ ನಗು ಬಂತು.

ಆ ಅರೆಕ್ಷಣದ ಮೌನದಲ್ಲೇ ಆಂಟಿ-ಜೋಕಿನ ಕೆಲಸವೆಲ್ಲ ನಡೆಯುತ್ತದೆ ಎಂದು ನಾನು ನಂಬಿದ್ದೇನೆ. ಒಂದು ಪ್ರಶ್ನೆ ಜೋಕಿನ ಆಕಾರದಲ್ಲಿ ಬಂತೆಂದರೆ ಕೇಳುಗನು ಅದರ ನೇರ ಅರ್ಥವನ್ನು ಕೂಡಲೇ ಪಕ್ಕಕ್ಕೆ ಸರಿಸುತ್ತಾನೆ, ಏಕೆಂದರೆ ಜೋಕಿನ ಉತ್ತರ ಅಲ್ಲಿರುವುದಿಲ್ಲವೆಂದು ಅನುಭವದಿಂದ ಬಲ್ಲ. ಆಂಟಿ-ಜೋಕು ಅವನು ಪಕ್ಕಕ್ಕಿಟ್ಟ ಅದೇ ಅರ್ಥವನ್ನು ಎತ್ತಿ ಅವನ ಕೈಗೆ ಕೊಡುತ್ತದೆ. ಕೆಟ್ಟ ಹಾಲನ್ನು ಕುಡಿಯಲಾಗದೆಂಬುದು ಅವನಿಗೆ ಮೊದಲೇ ಗೊತ್ತಿತ್ತು; ಹಾಗೆ ಗೊತ್ತಿದ್ದುದೇ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂಬುದು ಅವನನ್ನು ಬೆರಗುಗೊಳಿಸುತ್ತದೆ. ಬಿಗಿದು ನಿಂತ ನಿರೀಕ್ಷೆಯು ಹಠಾತ್ತನೆ ಶೂನ್ಯವಾಗಿ ಮಾರ್ಪಡುವುದರಿಂದ ನಗು ಹುಟ್ಟುತ್ತದೆ ಎಂದು ಜರ್ಮನ್ ತತ್ವಜ್ಞಾನಿ ಇಮ್ಯಾನುಯಲ್ ಕಾಂಟ್ 1790ರಲ್ಲಿ ಬರೆದನು. ಆಂಟಿ-ಜೋಕಿನ ಮಟ್ಟಿಗೆ ಆ ಮಾತಿಗೆ ನಾನು ಒಂದು ತಿದ್ದುಪಡಿಯನ್ನು ಸೇರಿಸುತ್ತೇನೆ: ಇಲ್ಲಿ ಕೊನೆಗೆ ಉಳಿಯುವುದು ಶೂನ್ಯವಲ್ಲ, ಯಾರೂ ಅಲ್ಲಗಳೆಯಲಾಗದ ಸರಿಯಾದ ಉತ್ತರ.

ಹೇಳುವ ಬಗೆಯೂ ಇದಕ್ಕೆ ತಕ್ಕಂತಿರಬೇಕು. ಒಮ್ಮೆ ಉತ್ತರ ಹೇಳುವ ಮುನ್ನ ನನ್ನ ಮುಖದಲ್ಲಿ ನಗು ಸುಳಿಯಿತು, ಏನೋ ಮೋಸವಿದೆಯೆಂದು ಸಭೆಗೆ ಅಲ್ಲೇ ತಿಳಿದುಹೋಯಿತು. ಉತ್ತರದ ಹಿಂದೆ ವಿವರಣೆಯನ್ನು ಸೇರಿಸಿದರೂ ಅದೇ ಹಾನಿ. "ಕೆಟ್ಟುಹೋದ ಹಾಲು, ಅಷ್ಟೇ" ಎಂದಾಗ ಆ "ಅಷ್ಟೇ" ಎಂಬ ಒಂದು ಪದ ನಗುವನ್ನು ಅರ್ಧಕ್ಕೆ ಇಳಿಸಿತು.

ಎಷ್ಟು ಸಲ ಹೇಳಬಹುದೆಂಬುದಕ್ಕೂ ಮಿತಿ ಇದೆ. ಒಂದೇ ಸಂಜೆ ಮೂರನೆಯ ಆಂಟಿ-ಜೋಕಿಗೆ ಬರುವಷ್ಟರಲ್ಲಿ ಸಭೆ ನೇರ ಉತ್ತರವನ್ನೇ ಕಾಯುತ್ತಿರುತ್ತದೆ, ಆಗ ಶ್ಲೇಷೆಯ ಉತ್ತರವೇ ಹೊಸದೆನಿಸುತ್ತದೆ. ಕೋಳಿ ರಸ್ತೆಯನ್ನು ಏಕೆ ದಾಟಿತು, ಆಚೆ ಬದಿಗೆ ಹೋಗಲು ಎಂಬ ಇಂಗ್ಲಿಷ್ ಪ್ರಶ್ನೋತ್ತರ 1847ರಲ್ಲಿ ನ್ಯೂಯಾರ್ಕಿನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅದರ ಉತ್ತರ ಪ್ರಶ್ನೆಯಷ್ಟೇ ಪರಿಚಿತವಾಗಿಬಿಟ್ಟಿರುವುದರಿಂದ ಇಂದು ಅದು ಯಾರನ್ನೂ ಬೆರಗುಗೊಳಿಸುವುದಿಲ್ಲ.

ಒಗಟು, ಶ್ಲೇಷೆಗಳ ರೂಢಿ ಇನ್ನೂ ಆಗಿರದ ಐದಾರು ವರ್ಷದ ಮಕ್ಕಳ ಮುಂದೆಯೂ ನಾನು ಹಾಲಿನ ಪ್ರಶ್ನೆಯನ್ನು ಒಮ್ಮೆ ಕೇಳಿದ್ದೆ. ಉತ್ತರ ಕೇಳಿದ ಒಬ್ಬ ಹುಡುಗಿ ಗಂಭೀರವಾಗಿ ತಲೆಯಾಡಿಸಿ, "ಹೌದು, ಕುಡಿದರೆ ಹೊಟ್ಟೆನೋವು ಬರುತ್ತೆ" ಎಂದಳು.