ಕತೆಯ ಸಂಭಾಷಣೆಗೆ ಚಿಹ್ನೆ ಹಾಕುವಾಗ: ನನ್ನ ಅನುಭವ

ಕನ್ನಡದಲ್ಲಿ ‘ಅಂದ’, ‘ಅಂತ’ ಮಾತಿನ ಕೊನೆಗೆ ಬರುತ್ತವೆ. ಹಾಗಾಗಿ ಮಾತು ಯಾರದು ಎಂದು ಓದುಗರಿಗೆ ತಿಳಿಯುವುದು ತಡವಾಗಿ. ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲೇ. ದಾವಣಗೆರೆ ಮಂಡಿಯಲ್ಲಿ ಮೆಕ್ಕೆಜೋಳ ಮಾರಿದ ದುಡ್ಡಿನ ಜಗಳದ ಒಂದು ಸಾಲು ನೋಡಿ:

ಬಸವರಾಜ ನಾನು ದುಡ್ಡು ಕೊಟ್ಟೀನಿ ಅಂತ ತಿಪ್ಪಣ್ಣ ಹೇಳಿದ ಅಂದ.

ದುಡ್ಡು ಕೊಟ್ಟವರು ಯಾರು? ಹೇಳುತ್ತಿರುವವರು ಯಾರು? ಚಿಹ್ನೆ ಇಲ್ಲದೆ ಗೊತ್ತಾಗುವುದಿಲ್ಲ. ನಾನು ಮೊದಲು ಹೊರಗಿನ ಮಾತಿಗೆ ಜೋಡಿ ಉದ್ಧರಣ ಚಿಹ್ನೆ ಹಾಕುತ್ತೇನೆ, ಆ ಮಾತಿನೊಳಗೆ ಇನ್ನೊಬ್ಬರ ಮಾತಿದ್ದರೆ ಅದಕ್ಕೆ ಒಂಟಿ ಚಿಹ್ನೆ:

ಬಸವರಾಜ, “‘ನಾನು ದುಡ್ಡು ಕೊಟ್ಟೀನಿ’ ಅಂತ ತಿಪ್ಪಣ್ಣ ಹೇಳಿದ” ಅಂದ.

ಈಗ ಹೇಳುವವನು ಬಸವರಾಜ, ಕೊಟ್ಟವನು ತಿಪ್ಪಣ್ಣ. ತೆರೆಯುವ ಜೋಡಿ ಚಿಹ್ನೆಯನ್ನು ಹೆಸರಿಗಿಂತ ಮೊದಲು ಇಟ್ಟರೆ ಕತೆಯೇ ಬದಲಾಗುತ್ತದೆ:

“ಬಸವರಾಜ, ‘ನಾನು ದುಡ್ಡು ಕೊಟ್ಟೀನಿ’ ಅಂತ ತಿಪ್ಪಣ್ಣ ಹೇಳಿದ” ಅಂದ.

ಇಲ್ಲಿ ಮೂರನೆಯವನೊಬ್ಬ ಬಸವರಾಜನನ್ನು ಕರೆದು ಹೇಳುತ್ತಿದ್ದಾನೆ. ಹೆಸರಿನ ನಂತರದ ಅಲ್ಪವಿರಾಮ ಎರಡರಲ್ಲೂ ಒಂದೇ. ಅದು ಚಿಹ್ನೆಯ ಹೊರಗಿದ್ದರೆ ಹೇಳುವವನ ಹೆಸರು, ಒಳಗಿದ್ದರೆ ಕರೆಯುವ ಹೆಸರು. ಕರಡು ತಿದ್ದುವಾಗ ನಾನು ಮೊದಲು ನೋಡುವುದು ಇದನ್ನೇ.

ಕೊಟ್ಟವನು ಬಸವರಾಜನೇ ಆಗಿದ್ದರೆ? ಒಂಟಿ ಚಿಹ್ನೆ ತೆಗೆದರೂ ‘ನಾನು’ ಯಾರೆಂಬ ಅನುಮಾನ ಹೋಗುವುದಿಲ್ಲ. ಚಿಹ್ನೆಯ ಶಕ್ತಿ ಮುಗಿಯುವ ಜಾಗ ಅದು. ಅಲ್ಲಿ ವಾಕ್ಯವನ್ನೇ ಬದಲಿಸಬೇಕು: “ನಾನು ದುಡ್ಡು ಕೊಟ್ಟಿದ್ದನ್ನ ತಿಪ್ಪಣ್ಣನೇ ಹೇಳ್ಯಾನ.”

ಮಾತು ಎರಡು ಸಾಲು ದಾಟುವುದಾದರೆ ಹೇಳುವವನ ಹೆಸರನ್ನು ಮೊದಲೇ ಇಡುತ್ತೇನೆ. ಇಲ್ಲವಾದರೆ ಮೊದಲ ತುಣುಕಿಗೇ ಕತ್ತರಿಸಿ ‘ಅಂದ’ ಸೇರಿಸುತ್ತೇನೆ. ಮಾತಾಡುವವರು ಬದಲಾದಾಗಲೆಲ್ಲ ಹೊಸ ಪ್ಯಾರಾ.

ಇನ್ನು ನಿಲುಗಡೆ. ಮೂರು ಚುಕ್ಕಿ ಮತ್ತು ಅಡ್ಡಗೆರೆಯನ್ನು ಒಂದರ ಬದಲು ಇನ್ನೊಂದು ಬಳಸುವವರು ಬಹಳ. ನನಗೆ ಅವುಗಳ ಕೆಲಸ ಬೇರೆ ಬೇರೆ:

“ದುಡ್ಡು... ನಾಳೆ ಕೊಡ್ತೀನಣ್ಣ.”
“ನಾಳೆ ಅಂದ್ರೆ ಯಾವಾ—”
“ಕೊಡ್ತೀನಿ ಅಂದ್ನಲ್ಲ!”

ಚುಕ್ಕಿ ಇದ್ದಲ್ಲಿ ಬಸವರಾಜ ತಾನೇ ತಡವರಿಸಿದ. ಗೆರೆ ಇದ್ದಲ್ಲಿ ತಿಪ್ಪಣ್ಣನ ಮಾತನ್ನು ಅವನು ತುಂಡರಿಸಿದ. ಗೆರೆ ಹಾಕಿದ ಮೇಲೆ ಮುಂದಿನ ಸಾಲು ಕೂಡಲೇ ಬರಬೇಕು. ನಡುವೆ ‘ಅವನು ಸುಮ್ಮನೆ ನೋಡಿದ’ ಎಂದು ಬರೆದರೆ ತಡೆದದ್ದು ಯಾರು ಎಂಬುದೇ ತಪ್ಪಿಹೋಗುತ್ತದೆ. ಚುಕ್ಕಿಗಳನ್ನು ನಾಲ್ಕು, ಐದು ಮಾಡಿದರೆ ಮೌನ ಉದ್ದವಾಗುವುದಿಲ್ಲ. ಉದ್ದ ಮೌನ ಬೇಕಾದರೆ ನಾನು ಒಂದು ಕ್ರಿಯೆ ಸೇರಿಸುತ್ತೇನೆ:

“ದುಡ್ಡಾ?” ಬಸವರಾಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ನಾಳೆ ಕೊಡ್ತೀನಣ್ಣ.”

ಕೊಡವುವುದು ಮಾತಾಡುವ ಕ್ರಿಯೆಯಲ್ಲ, ಹಾಗಾಗಿ ಆ ವಾಕ್ಯದ ಕೊನೆಗೆ ಅಲ್ಪವಿರಾಮವಲ್ಲ, ಪೂರ್ಣವಿರಾಮ. ‘ಅಂದ’ ಬರುವಲ್ಲಿ ಮಾತ್ರ ಉದ್ಧರಣದೊಳಗಿನ ಪೂರ್ಣವಿರಾಮವನ್ನು ಕೈಬಿಡುತ್ತೇನೆ: “ಬಾ” ಅಂದ. ಪ್ರಶ್ನಾರ್ಥಕವನ್ನು ಬಿಡುವುದಿಲ್ಲ: “ಬಂದ್ಯಾ?” ಅಂದ.