ಗುಲಾಬಿ ಬಣ್ಣಕ್ಕೆ ಮೊದಲು ಕಂದು ಕಂಡರೆ: ಪರ್ಮಾಂಗನೇಟ್‌ನ ಸಾಮರ್ಥ್ಯ ಕಂಡುಹಿಡಿಯುವುದು ಹೇಗೆ

ಕೋಲಾರದ ಕಡೆ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಗೆ ಹೋದಾಗಲೆಲ್ಲ ನಾನು ಒಂದೇ ದೃಶ್ಯ ನೋಡಿದ್ದೇನೆ. ಹುಡುಗರು ಬ್ಯೂರೆಟ್ ಚೆನ್ನಾಗಿ ತೊಳೆದಿರುತ್ತಾರೆ, ಲೆಕ್ಕವೂ ಬಾಯಿಪಾಠ. ಆದರೆ ಫ್ಲಾಸ್ಕ್‌ನಲ್ಲಿ ಗುಲಾಬಿಯ ಬದಲು ಚಹಾದಂತಹ ಕಂದು ನೀರು!

ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೂಗಿ ಕರಗಿಸಿದ ಮಾತ್ರಕ್ಕೆ ಅದರ ಸಾಮರ್ಥ್ಯ ಗೊತ್ತಾಗುವುದಿಲ್ಲ. ಪುಡಿಯಲ್ಲೇ ಸ್ವಲ್ಪ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿರುತ್ತದೆ, ನೀರಿನಲ್ಲಿರುವ ಸಾವಯವ ಕಸವೂ ಅದನ್ನು ತಿನ್ನುತ್ತದೆ. ಹಾಗಾಗಿ ಶುದ್ಧವಾಗಿ ಸಿಗುವ ಸೋಡಿಯಂ ಆಕ್ಸಲೇಟ್ ಜೊತೆ ಹೋಲಿಸಿ ಅಳೆಯಬೇಕು.

ಹಂತ 1. ಸುಮಾರು 3.2 ಗ್ರಾಂ ಪರ್ಮಾಂಗನೇಟನ್ನು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಕುದಿಸಿ, ಒಂದು ದಿನ ಬಿಟ್ಟು ಗಾಜಿನ ಉಣ್ಣೆಯಲ್ಲಿ ಸೋಸಿ. ಸೋಸುಕಾಗದ ಬೇಡ, ಕಾಗದವನ್ನೇ ಅದು ಸುಡುತ್ತದೆ. ಕೋಳಿ ಫಾರಂಗೆಂದು ಅಂಗಡಿಯಲ್ಲಿ ಮಾರುವ ಪುಡಿಯನ್ನು ಲ್ಯಾಬ್‌ಗೆ ತರಲೇಬೇಡಿ.

ಹಂತ 2. ಆಕ್ಸಲೇಟನ್ನು 105–110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಆರಿಸಿ, ಸುಮಾರು 1.67 ಗ್ರಾಂ ತೂಗಿ 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕ್‌ನಲ್ಲಿ ಗುರುತಿನವರೆಗೆ ತುಂಬಿಸಿ. ಇಲ್ಲಿ ನಮ್ಮ ಊರಿನದೇ ಒಂದು ತೊಂದರೆ ಇದೆ. ಭಟ್ಟಿ ನೀರು ಮುಗಿಯಿತೆಂದು ಬೋರ್‌ವೆಲ್ ನೀರು ಹಾಕಿದರೆ, ಆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಬಿಳಿಯಾಗಿ ಕದಡುತ್ತದೆ. ಅದು ತಳಕ್ಕಿಳಿದ ಮೇಲೆ ಪಿಪೆಟ್‌ಗೆ ಬರುವುದು ಒಂದೊಂದು ಸಲ ಒಂದೊಂದು ಪ್ರಮಾಣ.

ಹಂತ 3. ಕೆಡುವುದೆಲ್ಲ ಇಲ್ಲೇ. 25 ಮಿ.ಲೀ. ಆಕ್ಸಲೇಟನ್ನು ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ, ಅಷ್ಟೇ ಪ್ರಮಾಣದ 2 N ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಹೈಡ್ರೋಕ್ಲೋರಿಕ್ ಆಗದು: ಪರ್ಮಾಂಗನೇಟ್ ಅದರಿಂದ ಕ್ಲೋರಿನ್ ಬಿಡಿಸುತ್ತಾ ತಾನೇ ಖರ್ಚಾಗುತ್ತದೆ. ನೈಟ್ರಿಕ್ ಕೂಡ ಆಗದು, ಅದೇ ಒಂದು ಉತ್ಕರ್ಷಕ. ಈಗ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ. ಥರ್ಮಾಮೀಟರ್ ಇಟ್ಟೇ ನೋಡಿ. ಕೈ ಮುಟ್ಟಿ ಅಂದಾಜು ಮಾಡುವವರು ಒಂದೋ ತಣ್ಣಗಿದ್ದಾಗಲೇ ಶುರು ಮಾಡುತ್ತಾರೆ, ಇಲ್ಲವೇ ಕುದಿಸಿಬಿಡುತ್ತಾರೆ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದು ಹೋಗುತ್ತದೆ, ಬ್ಯೂರೆಟ್ ರೀಡಿಂಗ್ ಕಡಿಮೆ ಬರುತ್ತದೆ.

ಬ್ಯೂರೆಟ್‌ನಿಂದ ಪರ್ಮಾಂಗನೇಟ್‌ನ ಮೊದಲ ಹನಿ ಬಿದ್ದ ಮೇಲೆ ಫ್ಲಾಸ್ಕ್ ಆಡಿಸುತ್ತಾ ಕಾಯಿರಿ. ಬಣ್ಣ ತಕ್ಷಣ ಹೋಗುವುದಿಲ್ಲ. ಇದನ್ನೇ ಎಂಡ್ ಪಾಯಿಂಟ್ ಎಂದುಕೊಂಡು 0.3 ಮಿ.ಲೀ. ಎಂದು ಬರೆದ ಹುಡುಗನನ್ನು ನಾನು ಕಂಡಿದ್ದೇನೆ. ಈ ಕ್ರಿಯೆಯನ್ನು ಓಡಿಸುವುದು ಮ್ಯಾಂಗನೀಸ್(II) ಅಯಾನು, ಅದು ಹುಟ್ಟುವುದೂ ಇದೇ ಕ್ರಿಯೆಯಿಂದ. ಒಲೆಯ ಬೆಂಕಿ ಹತ್ತುವ ಹಾಗೆ, ಶುರುವಿನಲ್ಲಿ ತಡ, ಆಮೇಲೆ ಜೋರು. ಮೊದಲ ಒಂದೆರಡು ಮಿ.ಲೀ.ಯನ್ನು ಹನಿಹನಿಯಾಗಿ, ಹಿಂದಿನದರ ಬಣ್ಣ ಹೋದ ಮೇಲೆಯೇ ಹಾಕಿ. ಒಂದು ಚಿಟಿಕೆ ಮ್ಯಾಂಗನಸ್ ಸಲ್ಫೇಟ್ ಹಾಕುವ ಅಡ್ಡದಾರಿಯೂ ಉಂಟು. ನನಗದು ಬೇಕೆನಿಸಿಲ್ಲ, ಒಂದು ನಿಮಿಷದ ತಾಳ್ಮೆ ಸಾಕು.

ಆತುರಪಟ್ಟು ಸುರಿದರೆ, ಆಮ್ಲ ಕಡಿಮೆಯಾದರೆ, ಅಥವಾ ದ್ರಾವಣ ಆರಿದರೆ ಕಂದು ಬರುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಐದು ಎಲೆಕ್ಟ್ರಾನ್ ತೆಗೆದುಕೊಳ್ಳಬೇಕಾದ ಪರ್ಮಾಂಗನೇಟ್ ಮೂರಕ್ಕೇ ನಿಂತಿರುತ್ತದೆ, ಹಾಗಾಗಿ ಹೆಚ್ಚು ದ್ರಾವಣ ಖರ್ಚಾಗುತ್ತದೆ. ಆಮ್ಲ ಸಾಕಷ್ಟಿದ್ದು ಆಕ್ಸಲೇಟ್ ಇನ್ನೂ ಉಳಿದಿದ್ದರೆ ಬಿಸಿ ಮಾಡಿದಾಗ ಕಂದು ಕರಗಬಹುದು. ಆದರೂ ಆ ರೀಡಿಂಗ್ ನಂಬಬೇಡಿ, ಚೆಲ್ಲಿ ಮತ್ತೆ ಮಾಡಿ.

ಇನ್ನೂ ನಿಖರತೆ ಬೇಕಿದ್ದವರಿಗೆ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನ ಫೌಲರ್ ಮತ್ತು ಬ್ರೈಟ್ 1935ರಲ್ಲಿ ಬೇರೆ ದಾರಿ ತೋರಿಸಿದರು. ಆಮ್ಲ ಹೆಚ್ಚಿರುವ, ತಣ್ಣಗಿನ ಆಕ್ಸಲೇಟ್‌ಗೆ ಬೇಕಾದುದರ 90–95 ಶೇಕಡಾವನ್ನು ಒಮ್ಮೆಗೇ ಹಾಕಿ, ಬಣ್ಣ ಹೋದ ಮೇಲೆ 55–60 ಡಿಗ್ರಿಗೆ ಬಿಸಿ ಮಾಡಿ ಉಳಿದದ್ದನ್ನು ನಿಧಾನವಾಗಿ ಹಾಕುವುದು. ಆದರೆ ಎಷ್ಟು ಬೇಕೆಂದು ಮೊದಲೇ ಗೊತ್ತಿರಬೇಕು, ಹಾಗಾಗಿ ಪರೀಕ್ಷೆಯಲ್ಲಿ ಹಳೆಯ ದಾರಿಯೇ ಸರಿ.

ಹಂತ 4. ತೆಳು ಗುಲಾಬಿ ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಆಮೇಲೆ ಮಾಸಿದರೆ ಚಿಂತೆ ಬೇಡ. ಬ್ಯೂರೆಟ್‌ನಲ್ಲಿ ತಳದ ಅಂಚು ಕಾಣದಷ್ಟು ಗಾಢವಾಗಿರುವುದರಿಂದ ಮೇಲಿನ ಅಂಚನ್ನೇ ಓದಿ, ಮೊದಲೂ ಕೊನೆಗೂ. ರಬ್ಬರ್ ಕೊಳವೆಯ ಬ್ಯೂರೆಟ್ ಇದ್ದರೆ ಬದಲಿಸಿ, ರಬ್ಬರನ್ನೂ ಪರ್ಮಾಂಗನೇಟ್ ಬಿಡುವುದಿಲ್ಲ.

ಲೆಕ್ಕ. 250 ಮಿ.ಲೀ.ಗೆ ತೂಗಿದ್ದು 1.6620 ಗ್ರಾಂ, ಅಂದರೆ ಲೀಟರ್‌ಗೆ ಅದರ ನಾಲ್ಕರಷ್ಟು; ಬ್ಯೂರೆಟ್ ರೀಡಿಂಗ್ 24.6 ಮಿ.ಲೀ. ಎನ್ನಿ. ಆಕ್ಸಲೇಟ್‌ನ ಸಮಾನ ತೂಕ 67.00.

```
N(ಆಕ್ಸಲೇಟ್) = 1.6620 × 4 / 67.00 = 0.09922
N(KMnO4)    = 25.0 × 0.09922 / 24.6 = 0.1008
```

ಮೂರು ಸಲ ಮಾಡಿ, 0.1 ಮಿ.ಲೀ. ಒಳಗೆ ಕೂಡಿದ ಎರಡನ್ನು ತೆಗೆದುಕೊಳ್ಳಿ. ಇದೇ ದ್ರಾವಣದಲ್ಲಿ ಕಂದು ಬರಿಸಿಕೊಂಡವನಿಗೆ 25.9 ಬಂದಿದೆ ಎನ್ನಿ, ಅವನ ಉತ್ತರ 0.0958. ನೂರಕ್ಕೆ ಐದು ತಪ್ಪು, ಪಿಪೆಟ್ ಹಿಡಿದ ಕೈಯದಲ್ಲ, ಆತುರದ್ದು.

ಬ್ಯೂರೆಟ್‌ನಲ್ಲಿ ಕಂದು ಕಲೆ ಉಳಿದರೆ ಬ್ರಷ್ ಹಾಕಿ ಉಜ್ಜಬೇಡಿ. ಉಳಿದ ಆಕ್ಸಲೇಟ್‌ಗೆ ಸ್ವಲ್ಪ ಆಮ್ಲ ಹಾಕಿ ಬೆಚ್ಚಗೆ ತುಂಬಿಸಿಡಿ, ತಾನಾಗಿಯೇ ಬಿಡುತ್ತದೆ.